ಕಾಲೆತ್ತಿ ಮಲಗಿದರೆ ಗರ್ಭ ನಿಲ್ಲುತ್ತದಾ? ಲೆಕ್ಕಕ್ಕೆ ಬರುವುದು ದಿನ, ಭಂಗಿಯಲ್ಲ

ಮದುವೆಯಾಗಿ ಒಂದು ವರ್ಷ ದಾಟಿತು ಅಂದರೆ ಸಲಹೆಗಳು ತಾವಾಗಿಯೇ ಬರತೊಡಗುತ್ತವೆ. ಸೇರಿದ ಮೇಲೆ ತಕ್ಷಣ ಏಳಬೇಡ. ಸೊಂಟದ ಕೆಳಗೆ ದಿಂಬು ಇಟ್ಟುಕೋ. ಕಾಲನ್ನು ಗೋಡೆಗೆ ಎತ್ತಿ ಅರ್ಧ ಗಂಟೆ ಮಲಗು. ಬಚ್ಚಲಿಗೆ ಹೋಗಬೇಡ, ಎಲ್ಲಾ ತೊಳೆದು ಹೋಗುತ್ತೆ. ಗಂಡ ಮೇಲಿದ್ದರೇ ಮಗು ಆಗೋದು. ದಿನಾ ಬೇಡ, ವೀರ್ಯ ನೀರಾಗುತ್ತೆ. ಹದಿನಾಲ್ಕನೇ ದಿನ ಮಾತ್ರ ಸೇರಿ ಸಾಕು. ಅತ್ತಿಗೆ, ಜೊತೆಗೆ ಕೆಲಸ ಮಾಡುವವರು, ಯೂಟ್ಯೂಬ್, ಕೆಲವು ಸಲ ಆಸ್ಪತ್ರೆಯ ಸಿಸ್ಟರ್ ಕೂಡ ಹೇಳುವುದು ಇದನ್ನೇ. ಇದರಲ್ಲಿ ಮುಕ್ಕಾಲು ಪಾಲು ಹೆಂಗಸು ಪಾಲಿಸಬೇಕಾದದ್ದು ಅನ್ನುವುದನ್ನೂ ಗಮನಿಸಿ.

ಇವನ್ನೆಲ್ಲ ಮೂಢನಂಬಿಕೆ ಅಂತ ಒಂದೇ ಮಾತಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಮಲಗುವ ಸಲಹೆಗೆ ಒಂದು ಕಾಲದಲ್ಲಿ ಗಟ್ಟಿ ಅನ್ನಿಸುವಂಥ ಅಧ್ಯಯನದ ಬೆಂಬಲವೇ ಇತ್ತು. ಆ ಕಥೆಯಿಂದಲೇ ಶುರು ಮಾಡೋಣ.

ಹದಿನೈದು ನಿಮಿಷದ ಕಥೆ

ನೆದರ್ಲೆಂಡ್ಸ್‌ನ ಕೆಲವು ಆಸ್ಪತ್ರೆಗಳ ವೈದ್ಯರು ಐಯುಐ ಮಾಡಿಸಿಕೊಳ್ಳುತ್ತಿದ್ದ 391 ದಂಪತಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಐಯುಐ ಅಂದರೆ ವೀರ್ಯವನ್ನು ಲ್ಯಾಬ್‌ನಲ್ಲಿ ತೊಳೆದು, ಚುರುಕಾದ ವೀರ್ಯಾಣುಗಳನ್ನು ಬೇರ್ಪಡಿಸಿ, ಸಣ್ಣ ಕೊಳವೆಯ ಮೂಲಕ ಗರ್ಭಕೋಶದ ಒಳಗೇ ಬಿಡುವ ಚಿಕಿತ್ಸೆ. ಒಂದು ಗುಂಪಿನ ಹೆಂಗಸರನ್ನು ಆಮೇಲೆ 15 ನಿಮಿಷ ಅಂಗಾತ ಮಲಗಿಸಿದರು. ಇನ್ನೊಂದು ಗುಂಪಿನವರನ್ನು ತಕ್ಷಣ ಎಬ್ಬಿಸಿ ಕಳಿಸಿದರು. ಹೆಚ್ಚೆಂದರೆ ಮೂರು ಸಲ ಚಿಕಿತ್ಸೆ. ಮಲಗಿದ ಗುಂಪಿನಲ್ಲಿ ಶೇ 27ರಷ್ಟು ಹೆಂಗಸರಿಗೆ ಗರ್ಭ ನಿಂತು ಮುಂದುವರಿಯಿತು, ಎದ್ದು ಹೋದ ಗುಂಪಿನಲ್ಲಿ ಶೇ 18. ಇದು 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಮಲಗುವುದಕ್ಕೆ ಖರ್ಚಿಲ್ಲ, ಔಷಧಿ ಬೇಡ, ಅಪಾಯವೂ ಇಲ್ಲ. ಹಾಗಾಗಿ ಸಲಹೆ ಬೇಗ ಹಬ್ಬಿತು. ಹಬ್ಬುವಾಗ ಐಯುಐ ಅನ್ನುವ ಮಾತು ಉದುರಿಹೋಯಿತು. ಚಿಕಿತ್ಸೆಯ ಮೇಜಿನ ಮೇಲೆ ಹೇಳಿದ 15 ನಿಮಿಷ ಮನೆಯ ಮಂಚಕ್ಕೆ ಬರುವಷ್ಟರಲ್ಲಿ ಅರ್ಧ ಗಂಟೆಯಾಯಿತು, ಜೊತೆಗೆ ಒಂದು ದಿಂಬೂ ಸೇರಿಕೊಂಡಿತು.

ಆದರೆ ನೆದರ್ಲೆಂಡ್ಸ್‌ನಲ್ಲಿ ಇದನ್ನು ಅಷ್ಟಕ್ಕೇ ಬಿಡಲಿಲ್ಲ. ಎದ್ದು ಹೋದ ಗುಂಪಿನ ಫಲಿತಾಂಶವೇ ಯಾಕೋ ಕಡಿಮೆ ಇದೆಯಲ್ಲ ಅನ್ನುವ ಅನುಮಾನ ಇತ್ತು. ಮತ್ತೆ 479 ಹೆಂಗಸರ ಮೇಲೆ, ಈ ಸಲ ಹೆಚ್ಚೆಂದರೆ ಆರು ಐಯುಐಗಳವರೆಗೆ, ಅದೇ 15 ನಿಮಿಷದ ಪರೀಕ್ಷೆ ನಡೆಯಿತು. ಫಲಿತಾಂಶ ತಿರುವುಮುರುವು! ಮಲಗಿದವರಲ್ಲಿ ಶೇ 32, ತಕ್ಷಣ ಎದ್ದವರಲ್ಲಿ ಶೇ 40. ಹಾಗಂತ ಎದ್ದು ಓಡಾಡಿದರೆ ಒಳ್ಳೆಯದು ಅಂತಲ್ಲ. ಆ ವ್ಯತ್ಯಾಸ ಕಾಕತಾಳೀಯವಾಗಿಯೂ ಬರಬಹುದಾದಷ್ಟು ಸಣ್ಣದು. ಮಲಗುವುದರಿಂದ ಲಾಭ ಇದೆ ಅನ್ನುವುದು ಮಾತ್ರ ನಿಲ್ಲಲಿಲ್ಲ. ಈ ಎರಡನೇ ಸುದ್ದಿ ಮೊದಲನೆಯದರಷ್ಟು ಊರು ಸುತ್ತಲಿಲ್ಲ, ಅಷ್ಟೇ.

ಮನೆಯಲ್ಲಿ ಸಹಜವಾಗಿ ಸೇರಿದ ಮೇಲೆ ಮಲಗುವುದರ ವಿಷಯವೇ ಬೇರೆ. ಅಲ್ಲಿ ಲಾಭ ಇದೆ ಅಂತ ತೋರಿಸುವ ಪುರಾವೆ ಯಾವುದೂ ಇಲ್ಲ. ಬಂಜೆತನ ಚಿಕಿತ್ಸೆಯಲ್ಲಿ ಜಗತ್ತಿನ ವೈದ್ಯರು ಹೆಚ್ಚಾಗಿ ನೋಡುವ ಅಮೆರಿಕದ ಎಎಸ್‌ಆರ್‌ಎಂ ಸಂಸ್ಥೆಯ ಮಾರ್ಗಸೂಚಿಯೂ ಹಾಗೇ ಹೇಳುತ್ತದೆ. ಲ್ಯಾಬ್‌ನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಇಡುವ ಐವಿಎಫ್ ಮಾಡಿಸಿಕೊಂಡವರಿಗೆ ಈ ಮಾತು ಇನ್ನೂ ಮುಖ್ಯ. ನಮ್ಮಲ್ಲಿ ಭ್ರೂಣ ಒಳಗಿಟ್ಟ ಮೇಲೆ ಎರಡು ವಾರ ಹಾಸಿಗೆ ಬಿಟ್ಟು ಏಳದ ಹೆಂಗಸರಿದ್ದಾರೆ. ಅದೇ ಸಂಸ್ಥೆಯ 2017ರ ಮಾರ್ಗಸೂಚಿ ಭ್ರೂಣ ಇಟ್ಟ ತಕ್ಷಣ ಎದ್ದು ಓಡಾಡಬಹುದು ಅನ್ನುತ್ತದೆ.

ಸೋರಿ ಹೋಗುವುದು ಏನು?

ಮಲಗುವ ಸಲಹೆಯ ಹಿಂದೆ ಒಂದು ಭಯ ಇದೆ. ಎದ್ದ ಕೂಡಲೇ ಬಟ್ಟೆಗೆ ತೇವ ತಾಗುತ್ತದೆ. "ಅಯ್ಯೋ, ಎಲ್ಲಾ ಹೊರಗೇ ಬಂತಲ್ಲ" ಅನ್ನಿಸುತ್ತದೆ. ವೈದ್ಯರ ಮುಂದೆ ಇದನ್ನೇ ದೊಡ್ಡ ತೊಂದರೆ ಅಂತ ಹೇಳಿಕೊಳ್ಳುವವರೂ ಇದ್ದಾರೆ.

ಒಳಗೆ ಏನು ನಡೆಯುತ್ತದೆ ಅಂತ ನೋಡಿ. ವೀರ್ಯದಲ್ಲಿ ವೀರ್ಯಾಣುಗಳ ಪಾಲು ತೀರಾ ಕಡಿಮೆ, ನೂರಕ್ಕೆ ಐದು ಭಾಗವೂ ದಾಟುವುದಿಲ್ಲ. ಉಳಿದದ್ದು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಯಿಂದ ಬಂದ ದ್ರವ. ವೀರ್ಯ ಹೊರಬಿದ್ದ ಕೂಡಲೇ ಗಂಜಿಯ ಹಾಗೆ ಗಟ್ಟಿಯಾಗುತ್ತದೆ, 15ರಿಂದ 30 ನಿಮಿಷದಲ್ಲಿ ಮತ್ತೆ ತೆಳ್ಳಗಾಗುತ್ತದೆ. ಅರ್ಧ ಗಂಟೆ ಮಲಗಿ ಎದ್ದರೂ ಸೋರುವುದು ಅದಕ್ಕೇ. ತೆಳ್ಳಗಾದ ದ್ರವ ಹೊರಗೆ ಬರಲೇಬೇಕು.

ಅಷ್ಟರಲ್ಲಿ ಕೆಲಸಕ್ಕೆ ಬರುವ ವೀರ್ಯಾಣುಗಳು ಜಾಗ ಖಾಲಿ ಮಾಡಿರುತ್ತವೆ. ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ಗರ್ಭಕೋಶದ ಬಾಯಲ್ಲಿ ತೆಳುವಾದ ಲೋಳೆ ತುಂಬಿರುತ್ತದೆ. ವೀರ್ಯ ಬಿದ್ದು ಒಂದೂವರೆ ನಿಮಿಷದ ಒಳಗೇ ಈ ಲೋಳೆಯಲ್ಲಿ ವೀರ್ಯಾಣುಗಳು ಕಂಡದ್ದು 1960ರ ದಶಕದಲ್ಲೇ ದಾಖಲಾಗಿದೆ. 1973ರ ಇನ್ನೊಂದು ಅಧ್ಯಯನದಲ್ಲಿ, ಆಪರೇಷನ್ ಆಗಲಿದ್ದ ಹೆಂಗಸರಿಗೆ ಮೊದಲು ವೀರ್ಯ ಇಟ್ಟು, ಆಮೇಲೆ ತೆಗೆದ, ಅಂಡಾಣು ಗರ್ಭಕೋಶಕ್ಕೆ ಬರುವ ಟ್ಯೂಬ್‌ಗಳನ್ನು ಪರೀಕ್ಷಿಸಿದರು. ಐದೇ ನಿಮಿಷದಲ್ಲಿ ವೀರ್ಯಾಣುಗಳು ಟ್ಯೂಬ್ ಮುಟ್ಟಿದ್ದವು. ಇಷ್ಟು ಬೇಗ ತಲುಪುವುದು ಬರೀ ಈಜಿಕೊಂಡು ಹೋಗಿ ಅಲ್ಲ. ಗರ್ಭಕೋಶದ ಸ್ನಾಯುಗಳು ಸಣ್ಣ ಅಲೆಗಳ ಹಾಗೆ ಹಿಂಡುತ್ತಾ ಮೇಲಕ್ಕೆ ಒಯ್ಯುತ್ತವೆ.

ಹೀಗೆ ಓಡಿ ಮೊದಲು ತಲುಪಿದವೇ ಗರ್ಭ ನಿಲ್ಲಿಸುತ್ತವೆ ಅಂತ ಹೇಳುವ ಹಾಗಿಲ್ಲ. ಗರ್ಭಕೋಶದ ಬಾಯಿಯ ಒಳಗೋಡೆಯಲ್ಲಿ ಸಣ್ಣ ಸಣ್ಣ ಸಂದುಗಳಿವೆ. ಬಹಳಷ್ಟು ವೀರ್ಯಾಣುಗಳು ಅಲ್ಲಿ ತಂಗಿ, ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಮೇಲೆ ಹೋಗುತ್ತವೆ. ಒಳ್ಳೆಯ ಲೋಳೆ ಇದ್ದರೆ ಮೂರರಿಂದ ಐದು ದಿನ ಬದುಕಿರುತ್ತವೆ. ಮಂಗಳವಾರ ಅಡುಗೆ ಮಾಡಿ, ಬುಧವಾರ ಬಸ್ಸು ಹತ್ತಿ, ಗುರುವಾರ ಮೆಟ್ಟಿಲು ಹತ್ತಿಳಿದರೂ ಅವು ಅಲ್ಲೇ ಇರುತ್ತವೆ. ಮೂರು ದಿನ ನಡೆದಾಡಿದರೂ ಬೀಳದ್ದು ಮೊದಲ ಅರ್ಧ ಗಂಟೆಯಲ್ಲಿ ಎದ್ದರೆ ಬಿದ್ದುಹೋಗುತ್ತದೆ ಅನ್ನುವುದರಲ್ಲಿ ಅರ್ಥ ಇಲ್ಲ, ಅಲ್ವಾ?

ಮೂತ್ರಕ್ಕೆ ಹೋಗಬಾರದು ಅನ್ನುವುದಂತೂ ಅಂಗರಚನೆ ಗೊತ್ತಿಲ್ಲದ ಮಾತು. ಹೆಂಗಸರಲ್ಲಿ ಮೂತ್ರದ ದಾರಿಯೇ ಬೇರೆ, ಯೋನಿಯ ದಾರಿಯೇ ಬೇರೆ. ಒಂದರಲ್ಲಿ ಹರಿದದ್ದು ಇನ್ನೊಂದನ್ನು ತೊಳೆಯುವುದಿಲ್ಲ. ಪದೇ ಪದೇ ಉರಿಮೂತ್ರ ಆಗುವವರಿಗೆ ವೈದ್ಯರು ಸೇರಿದ ಮೇಲೆ ಮೂತ್ರ ಮಾಡಿ ಬನ್ನಿ ಅಂತಲೇ ಹೇಳುತ್ತಾರೆ. ಮಗುವಿನ ಆಸೆಗೆ ತಡೆದು ಕೂತು ಸೋಂಕು ತಂದುಕೊಂಡರೆ ಆ ತಿಂಗಳೇ ಹಾಳು. ಹಾಗಂತ ಒಳಗೆಲ್ಲ ನೀರು ಹಾಕಿ ತೊಳೆಯುವುದು ಬೇಡ. ಹೊರಗೆ ತೊಳೆದುಕೊಂಡರೆ ಸಾಕು.

ಇಷ್ಟೆಲ್ಲ ಆದ ಮೇಲೂ ಹತ್ತು ನಿಮಿಷ ಸುಮ್ನೆ ಮಲಗಿರುವುದು ಹಿತ ಅನ್ನಿಸಿದರೆ ಮಲಗಿ. ಕೆಡುಕೇನಿಲ್ಲ. "ಅವತ್ತು ಬೇಗ ಎದ್ದೆ, ಅದಕ್ಕೇ ನಿಲ್ಲಲಿಲ್ಲ" ಅಂತ ತಿಂಗಳಿಡೀ ತನ್ನನ್ನೇ ಬೈದುಕೊಳ್ಳುವುದು ಮಾತ್ರ ಬೇಕಾಗಿಲ್ಲ.

ಭಂಗಿಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಎಂಆರ್‌ಐ ಯಂತ್ರದ ಒಳಗೆ ದಂಪತಿಯನ್ನು ಮಲಗಿಸಿ ಚಿತ್ರ ತೆಗೆದ ಅಧ್ಯಯನಗಳು ನೆದರ್ಲೆಂಡ್ಸ್ ಮತ್ತು ಫ್ರಾನ್ಸ್‌ನಲ್ಲಿ ನಡೆದಿವೆ. ಗಂಡ ಮೇಲಿದ್ದಾಗ ಶಿಶ್ನದ ತುದಿ ಗರ್ಭಕೋಶದ ಬಾಯಿಯ ಒಂದು ಬದಿಗೆ, ಹಿಂದಿನಿಂದ ಸೇರಿದಾಗ ಇನ್ನೊಂದು ಬದಿಗೆ ತಾಗುವುದು ಕಂಡಿತು. ಅಂದರೆ ಎರಡರಲ್ಲೂ ವೀರ್ಯ ಬೀಳುವುದು ಬಾಗಿಲ ಪಕ್ಕದಲ್ಲೇ. ಒಂದು ಭಂಗಿಯಲ್ಲಿ ಮಗು ಜಾಸ್ತಿ ಆಯಿತು ಅಂತ ಇದುವರೆಗೆ ಯಾರೂ ತೋರಿಸಿಲ್ಲ. "ಗರ್ಭಕೋಶ ಹಿಂದಕ್ಕೆ ಬಾಗಿದೆ" ಅಂತ ಸ್ಕ್ಯಾನ್ ರಿಪೋರ್ಟ್‌ನಲ್ಲಿ ನೋಡಿ ಹೆದರುವವರಿದ್ದಾರೆ. ಸುಮಾರು ಐದರಲ್ಲಿ ಒಬ್ಬರಿಗೆ ಹಾಗಿರುತ್ತದೆ, ಅದು ಬರೀ ವಿವರಣೆ, ಕಾಯಿಲೆಯಲ್ಲ. ಇರುವ ಷರತ್ತು ಒಂದೇ: ವೀರ್ಯ ಯೋನಿಯ ಒಳಗೆ ಬೀಳಬೇಕು. ನೋವಿನಿಂದಲೋ, ಹೆದರಿಕೆಯಿಂದಲೋ, ನಿಮಿರುವಿಕೆಯ ತೊಂದರೆಯಿಂದಲೋ ಅದೇ ಆಗದ ದಂಪತಿಗಳು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ನಾಚಿಕೆಗೆ ಅದನ್ನು ಹೇಳದೆ "ಮಗು ಆಗ್ತಿಲ್ಲ" ಅಂತ ಮಾತ್ರ ಹೇಳಿ ಮಾತ್ರೆ ತಗೊಳ್ಳುತ್ತಾರೆ. ಅವರಿಗೆ ಬೇಕಾದದ್ದು ಬೇರೆಯೇ ಚಿಕಿತ್ಸೆ.

ಆರು ದಿನ

ನಿಜವಾಗಿ ಲೆಕ್ಕಕ್ಕೆ ಬರುವುದು ದಿನ. ಈ ವಿಷಯದಲ್ಲಿ ಇವತ್ತಿಗೂ ಎಲ್ಲರೂ ಎತ್ತಿ ಹೇಳುವ ಅಧ್ಯಯನ 1995ರದು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು, ಮಗು ಬೇಕು ಅಂತಿದ್ದ 221 ಹೆಂಗಸರಿಂದ ದಿನಾ ಮೂತ್ರದ ಮಾದರಿ ತೆಗೆದುಕೊಂಡರು. ಯಾವ ದಿನ ಸೇರಿದಿರಿ ಅಂತ ಬರೆದಿಡಲು ಹೇಳಿದರು. ಮೂತ್ರದ ಹಾರ್ಮೋನ್ ನೋಡಿ ಅಂಡಾಣು ಬಿಡುಗಡೆಯಾದ ದಿನ ಗುರುತಿಸಿದರು. ಗರ್ಭ ನಿಂತದ್ದೆಲ್ಲ ಆರು ದಿನದ ಒಳಗೆ ಸೇರಿದವರಿಗೆ. ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದಕ್ಕೆ ಮುಂಚಿನ ಐದು ದಿನ. ಐದು ದಿನ ಮುಂಚೆ ಸೇರಿದರೆ ಸಾಧ್ಯತೆ ಸುಮಾರು ಶೇ 10. ಕೊನೆಯ ಮೂರು ದಿನಗಳಲ್ಲಿ ಅದು ಶೇ 27, 31, 33ಕ್ಕೆ ಏರಿತು. ಬಿಡುಗಡೆಯ ಮಾರನೇ ದಿನ ಸೇರಿದವರಲ್ಲಿ ಒಂದೂ ನಿಲ್ಲಲಿಲ್ಲ. ಯಾಕೆಂದರೆ ಅಂಡಾಣುವಿನ ಆಯಸ್ಸು ಒಂದು ದಿನ, ಅಷ್ಟೇ. ವೀರ್ಯಾಣು ಮೊದಲೇ ಹೋಗಿ ಕಾದಿರಬೇಕು.

ಇದರಿಂದ ಎರಡು ವಿಷಯ ತಿಳಿಯುತ್ತದೆ. ತಡ ಮಾಡುವುದಕ್ಕಿಂತ ಮುಂಚೆ ಸೇರುವುದು ಒಳ್ಳೆಯದು. ಇನ್ನೊಂದು, ಸರಿಯಾದ ಎರಡು ದಿನಗಳಲ್ಲೇ ಸೇರಿದರೂ ಮೂರರಲ್ಲಿ ಎರಡು ಸಲ ಗರ್ಭ ನಿಲ್ಲುವುದಿಲ್ಲ. ಆ ಎರಡು ಸಲವೂ ಯಾರೋ ಎದ್ದದ್ದಕ್ಕೆ, ಯಾವುದೋ ಭಂಗಿಗೆ ತಪ್ಪು ಹೊರಿಸುತ್ತಾರೆ. ಮೂರನೇ ಸಲ ನಿಂತರೆ ಆ ತಿಂಗಳು ಇಟ್ಟ ದಿಂಬಿಗೆ ಹೆಸರು ಬರುತ್ತದೆ. ಇಂಥ ಸಲಹೆಗಳು ಸಾಯದೆ ಉಳಿಯುವುದು ಹೀಗೇ.

ಎಷ್ಟು ಸಲ ಸೇರಬೇಕು? ಅದೇ ಲೆಕ್ಕದ ಪ್ರಕಾರ ಈ ಆರು ದಿನ ದಿನಾ ಸೇರಿದರೆ ಆ ತಿಂಗಳು ಗರ್ಭ ನಿಲ್ಲುವ ಸಾಧ್ಯತೆ ಶೇ 37. ದಿನ ಬಿಟ್ಟು ದಿನ ಸೇರಿದರೆ ಶೇ 33. ವಾರಕ್ಕೊಂದೇ ಸಲ ಆದರೆ ಶೇ 15. ದಿನಾ ಮತ್ತು ದಿನ ಬಿಟ್ಟು ದಿನದ ನಡುವೆ ಅಂಥ ವ್ಯತ್ಯಾಸ ಇಲ್ಲ. ವಾರಕ್ಕೊಮ್ಮೆಗೆ ಇಳಿದರೆ ಅರ್ಧಕ್ಕರ್ಧ ಕಡಿಮೆ.

ಈ ವಾರಕ್ಕೊಮ್ಮೆ ಅನ್ನುವುದು ನಮ್ಮಲ್ಲಿ ಎಷ್ಟೋ ಮನೆಗಳ ಪರಿಸ್ಥಿತಿ. ಒಂದು ಜೋಡಿಯನ್ನು ಕಲ್ಪಿಸಿಕೊಳ್ಳಿ. ಹೆಂಡತಿ ಹಾಸನದಲ್ಲಿ ಟೀಚರ್, ಗಂಡನಿಗೆ ಬೆಂಗಳೂರಲ್ಲಿ ಕೆಲಸ. ಶುಕ್ರವಾರ ತಡರಾತ್ರಿ ಬಂದು ಸೋಮವಾರ ಬೆಳಿಗ್ಗೆ ಹೊರಡುತ್ತಾನೆ. ಅಂದರೆ ಶನಿವಾರ, ಭಾನುವಾರ ಮಾತ್ರ ಜೊತೆ. ಆಕೆಯ ಮುಟ್ಟು 32 ದಿನಕ್ಕೊಮ್ಮೆ. ಅಂಡಾಣು ಬಿಡುಗಡೆ ಆಗುವುದು ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ. ಹಾಗಾಗಿ 32ರಲ್ಲಿ 14 ಕಳೆದರೆ 18ನೇ ದಿನ. ಆಕೆಯ ಆರು ದಿನಗಳು 13ರಿಂದ 18.

ಮುಟ್ಟು ಸೋಮವಾರ ಶುರುವಾಯಿತು ಅಂದುಕೊಳ್ಳಿ. 13ನೇ ದಿನ ಶನಿವಾರ, 18ನೇ ದಿನ ಗುರುವಾರ. ಇಬ್ಬರೂ ಜೊತೆಗಿರುವುದು 13 ಮತ್ತು 14ನೇ ದಿನ, ಅಂದರೆ ಸಾಧ್ಯತೆ ಕಡಿಮೆ ಇರುವ ಮೊದಲ ಎರಡು ದಿನ. "ಹದಿನಾಲ್ಕನೇ ದಿನ ತಪ್ಪದೆ ಸೇರಿ" ಅನ್ನುವ ಸಲಹೆಯನ್ನು ಇವರು ಅಕ್ಷರಶಃ ಪಾಲಿಸಿದ್ದಾರೆ, ಆದರೂ ಒಳ್ಳೆಯ ದಿನಗಳು ಮಂಗಳವಾರದಿಂದ ಗುರುವಾರದವರೆಗೆ ಗಂಡ ಬೆಂಗಳೂರಲ್ಲಿರುವಾಗ ಕಳೆದುಹೋಗುತ್ತವೆ. ಮುಂದಿನ ಮುಟ್ಟು ಶುಕ್ರವಾರ. ಈ ಸಲ ಶನಿವಾರ 16ನೇ ದಿನ, ಭಾನುವಾರ 17ನೇ ದಿನ. ಇದು ಇವರಿಗೆ ಒಳ್ಳೆಯ ವಾರಾಂತ್ಯ. ಅದರ ಮುಂದಿನದು ಮಂಗಳವಾರ ಶುರು. 13ನೇ ದಿನ ಭಾನುವಾರ, 18ನೇ ದಿನ ಶುಕ್ರವಾರ, ಕೈಗೆ ಸಿಗುವುದು ತುದಿಯ ಒಂದೇ ದಿನ. ನಾಲ್ಕನೆಯದು ಶನಿವಾರ ಶುರುವಾದರೆ ಮತ್ತೆ ಪರವಾಗಿಲ್ಲ, 15 ಮತ್ತು 16.

ನಾಲ್ಕು ಮುಟ್ಟಿನಲ್ಲಿ ಎರಡು ಬಹುಪಾಲು ವ್ಯರ್ಥ. ಇವರು "ಎಂಟು ತಿಂಗಳಿಂದ ಪ್ರಯತ್ನ ಮಾಡ್ತಿದೀವಿ" ಅಂತ ಹೇಳಿದರೆ ನಿಜವಾದ ಪ್ರಯತ್ನ ಅದರ ಅರ್ಧ. ಇವರಿಗೆ ದಿಂಬು, ಮಾತ್ರೆ ಯಾವುದಕ್ಕೂ ಮುಂಚೆ ಬೇಕಾದದ್ದು ಮೊದಲನೇ ಥರದ ತಿಂಗಳಲ್ಲಿ ವಾರದ ಮಧ್ಯೆ ಒಂದು ರಾತ್ರಿ. ಮಂಗಳವಾರ ಸಂಜೆ ಬಸ್ಸು ಹತ್ತಿ ಬುಧವಾರ ಬೆಳಿಗ್ಗೆ ವಾಪಸ್ ಹೋದರೂ ಆಯಿತು.

ಲೆಕ್ಕದ ಮಿತಿಯನ್ನೂ ಹೇಳಬೇಕು. ಎಲ್ಲರ ಚಕ್ರವೂ ಹೀಗೆ ಗಡಿಯಾರದ ಹಾಗೆ ನಡೆಯುವುದಿಲ್ಲ. ವಿಲ್ಕಾಕ್ಸ್ ತಂಡವೇ 2000ದಲ್ಲಿ ಪ್ರಕಟಿಸಿದ ಇನ್ನೊಂದು ವರದಿಯ ಪ್ರಕಾರ, ಈ ಆರು ದಿನಗಳು ಪೂರ್ತಿಯಾಗಿ 10ರಿಂದ 17ನೇ ದಿನದ ಒಳಗೆ ಬರುವುದು ಸುಮಾರು ಶೇ 30ರಷ್ಟು ಹೆಂಗಸರಿಗೆ ಮಾತ್ರ. ಮೊಬೈಲ್ ಆ್ಯಪ್ ಮಾಡುವುದೂ ಕಳೆದ ತಿಂಗಳುಗಳ ಸರಾಸರಿ ಹಿಡಿದು ಊಹೆ. ಅದಕ್ಕಿಂತ ದೇಹ ತೋರಿಸುವ ಗುರುತು ವಾಸಿ. ಆ ದಿನಗಳು ಹತ್ತಿರ ಬಂದಂತೆ ಬಿಳಿ ಸ್ರಾವ ತೆಳುವಾಗಿ, ಜಾರುವ ಹಾಗೆ, ಹಸಿ ಮೊಟ್ಟೆಯ ಬಿಳಿ ಲೋಳೆಯಂತೆ ಬೆರಳ ನಡುವೆ ಎಳೆದರೆ ಎಳೆಯಾಗಿ ಬರುತ್ತದೆ. ಕೆಲವರು ಇದನ್ನು ಕಾಯಿಲೆ ಅಂದುಕೊಂಡು ಅದು ನಿಲ್ಲುವ ತನಕ ದೂರ ಇರುತ್ತಾರೆ. ಅಂದರೆ ಬೇಕಾದ ದಿನಗಳನ್ನೇ ಬಿಟ್ಟ ಹಾಗಾಯಿತು. ನಾತ, ತುರಿಕೆ, ಬಣ್ಣ ಇಲ್ಲದಿದ್ದರೆ ಅದು ಕಾಯಿಲೆಯಲ್ಲ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಓವ್ಯುಲೇಷನ್ ಸ್ಟ್ರಿಪ್ ಕೂಡ ಉಪಯೋಗಕ್ಕೆ ಬರುತ್ತದೆ. ಅದು ಪಾಸಿಟಿವ್ ಬಂದ ಮೇಲೆ ಒಂದು, ಒಂದೂವರೆ ದಿನದಲ್ಲಿ ಅಂಡಾಣು ಬಿಡುಗಡೆಯಾಗುತ್ತದೆ. ಆದರೆ ಪಿಸಿಓಎಸ್ ಅನ್ನುವ ಹಾರ್ಮೋನ್ ತೊಂದರೆ ಇರುವವರಲ್ಲಿ ಅದು ಸುಳ್ಳು ಪಾಸಿಟಿವ್ ತೋರಿಸುವುದುಂಟು. ಮುಟ್ಟು ತೀರಾ ಏರುಪೇರಾಗಿದ್ದರೆ ಯಾವ ಲೆಕ್ಕವೂ ಬೇಡ, ವಾರಕ್ಕೆ ಮೂರು ಸಲ ಸೇರಿದರೆ ಆರು ದಿನ ಎಲ್ಲಿ ಬಿದ್ದರೂ ಸಿಕ್ಕೇ ಸಿಗುತ್ತವೆ. ಜೊತೆಗೆ, ಅಂಥವರು ವರ್ಷ ಕಾಯದೆ ವೈದ್ಯರನ್ನು ನೋಡಬೇಕು.

ನಮ್ಮ ಹಳೆಯ ಲೆಕ್ಕಗಳು ಇದರ ಮುಂದೆ ಹೇಗೆ ನಿಲ್ಲುತ್ತವೆ ಅನ್ನುವ ಕುತೂಹಲ ಸಹಜ. ಮನುಸ್ಮೃತಿಯ ಮೂರನೇ ಅಧ್ಯಾಯ ಮುಟ್ಟಾದ ದಿನದಿಂದ ಹದಿನಾರು ರಾತ್ರಿಗಳನ್ನು ಋತುಕಾಲ ಅನ್ನುತ್ತದೆ. ಮೊದಲ ನಾಲ್ಕು, ಹನ್ನೊಂದನೆಯದು, ಹದಿಮೂರನೆಯದು ಬೇಡ. ಸಮ ರಾತ್ರಿಗಳಲ್ಲಿ ಗಂಡು, ಬೆಸ ರಾತ್ರಿಗಳಲ್ಲಿ ಹೆಣ್ಣು. 28 ದಿನದ ಚಕ್ರ ಇರುವವರಿಗೆ 9ರಿಂದ 14ನೇ ದಿನ ಈ ಹದಿನಾರರ ಒಳಗೇ ಬರುತ್ತದೆ, ಹಾಗಾಗಿ ಮೊತ್ತದಲ್ಲಿ ತಪ್ಪೇನಿಲ್ಲ. 35 ದಿನದ ಚಕ್ರ ಇರುವವರಿಗೆ ಆರು ದಿನ ಶುರುವಾಗುವುದೇ 16ಕ್ಕೆ, ಅದು ಋತುಕಾಲದ ಕೊನೆಯ ರಾತ್ರಿ. ಸಮ ಬೆಸದ ಮಾತಿಗೆ ಮಾತ್ರ ಆಧಾರ ಇಲ್ಲ. 1995ರ ಅಧ್ಯಯನ ಅದನ್ನೂ ನೋಡಿತ್ತು. ಸೇರಿದ ದಿನಕ್ಕೂ ಮಗು ಗಂಡೋ ಹೆಣ್ಣೋ ಅನ್ನುವುದಕ್ಕೂ ಸಂಬಂಧ ಕಾಣಲಿಲ್ಲ. ಏಕಾದಶಿ, ಅಮಾವಾಸ್ಯೆ, ವ್ರತದ ದಿನ ಅಂತ ಬಿಡುವ ಮನೆಗಳಲ್ಲಿ ಒಂದೊಂದು ದಿನ ಬಿಟ್ಟರೆ ನಷ್ಟವೇನಿಲ್ಲ. ಆರರಲ್ಲಿ ಎರಡು ಮೂರು ದಿನ ಉಳಿದರೂ ಸಾಕು.

ಉಳಿಸಿಟ್ಟ ವೀರ್ಯ

"ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ" ಅನ್ನುವ ಮಾತು ಕೇಳದ ಗಂಡಸರು ನಮ್ಮಲ್ಲಿ ಕಡಿಮೆ. ಅದರ ಬೆನ್ನಿಗೇ ಬರುವುದು, ಹತ್ತು ಹದಿನೈದು ದಿನ ತಡೆದು ಕೂಡಿಟ್ಟರೆ ವೀರ್ಯ ಗಟ್ಟಿಯಾಗಿ ಮಗು ಬೇಗ ನಿಲ್ಲುತ್ತದೆ ಅನ್ನುವ ನಂಬಿಕೆ. ತಡೆದರೆ ಪ್ರಮಾಣ ಹೆಚ್ಚುವುದು, ಸಂಖ್ಯೆ ಸ್ವಲ್ಪ ಏರುವುದು ನಿಜ. ಆದರೆ ಜಾಸ್ತಿ ದಿನ ಕೂತ ವೀರ್ಯಾಣುಗಳ ಚಲನೆ ಕುಗ್ಗುತ್ತದೆ, ಹಳೆಯವು, ಸತ್ತವು ಸೇರಿಕೊಳ್ಳುತ್ತವೆ. ಸುಮಾರು ಹತ್ತು ಸಾವಿರ ವೀರ್ಯದ ಮಾದರಿಗಳನ್ನು ನೋಡಿದ ಇಸ್ರೇಲಿನ ಒಂದು ಅಧ್ಯಯನ 2005ರಲ್ಲಿ ಬಂತು. ಆರೋಗ್ಯವಂತ ಗಂಡಸರಲ್ಲಿ ದಿನಾ ವೀರ್ಯ ಹೋದರೂ ಸಂಖ್ಯೆ ಮತ್ತು ಚಲನೆ ಸರಿಯಾದ ಮಟ್ಟದಲ್ಲೇ ಇದ್ದವು. ಕೌಂಟ್ ಕಡಿಮೆ ಇದ್ದವರಲ್ಲಿ ಚಲನೆ ಚೆನ್ನಾಗಿದ್ದದ್ದು ಒಂದೇ ದಿನದ ಅಂತರ ಇದ್ದಾಗ. ಅಂದರೆ "ಕೌಂಟ್ ಕಡಿಮೆ ಇದೆ, ಉಳಿಸಿಕೊಳ್ಳಿ" ಅಂತ ಯಾರಿಗೆ ಹೇಳುತ್ತಾರೋ ಅವರಿಗೇ ಆ ಸಲಹೆ ಉಲ್ಟಾ.

ಗೊಂದಲಕ್ಕೆ ಲ್ಯಾಬ್‌ನ ಚೀಟಿಯೂ ಕಾರಣ. ವೀರ್ಯ ಪರೀಕ್ಷೆಗೆ ಬರುವ ಮುಂಚೆ ಎರಡರಿಂದ ಏಳು ದಿನ ತಡೆದಿರಿ ಅಂತ ಅದರಲ್ಲಿ ಬರೆದಿರುತ್ತದೆ. ಇದು ಎಲ್ಲರ ಮಾದರಿಯನ್ನೂ ಒಂದೇ ಅಳತೆಯಲ್ಲಿ ಹೋಲಿಸಲು ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ನಿಯಮ. ಮಗು ಬೇಕಾದರೆ ಹೀಗೆ ತಡೆಯಿರಿ ಅಂತ ಅಲ್ಲ. ಪರೀಕ್ಷೆ ಮುಗಿದ ಮೇಲೂ ಆ ಚೀಟಿಯನ್ನೇ ಹಿಡಿದು ವಾರಕ್ಕೊಮ್ಮೆ ಸೇರುವ ಜೋಡಿಗಳು ಶೇ 33ನ್ನು ಬಿಟ್ಟು ಶೇ 15ಕ್ಕೆ ಇಳಿದಿರುತ್ತಾರೆ.

ಹಾಗಾದರೆ ದಿನಾ ಸೇರಲೇಬೇಕಾ? ಬೇಡ. ತಾರೀಖು ನೋಡಿ, ಸ್ಟ್ರಿಪ್ ನೋಡಿ, "ಇವತ್ತೇ ಆಗಬೇಕು" ಅಂತ ಒತ್ತಡ ಹಾಕಿದರೆ ಎಷ್ಟೋ ಗಂಡಸರಿಗೆ ಅವತ್ತೇ ಆಗುವುದಿಲ್ಲ. ಕೂಡುಕುಟುಂಬದ ಚಿಕ್ಕ ಮನೆಯಲ್ಲಿ ಅದು ಇನ್ನೂ ಕಷ್ಟ. ಎಎಸ್‌ಆರ್‌ಎಂ ಮಾರ್ಗಸೂಚಿಯೇ ಹೇಳುವ ಪ್ರಕಾರ ಆ ದಿನಗಳಲ್ಲಿ ದಿನಾ ಅಥವಾ ದಿನ ಬಿಟ್ಟು ದಿನ, ಇಬ್ಬರಿಗೂ ಒಪ್ಪುವ ಹಾಗೆ. ನನ್ನ ಅಭಿಪ್ರಾಯದಲ್ಲಿ ದಿನ ಬಿಟ್ಟು ದಿನವೇ ಸಾಕು. ಶೇ 4ರ ವ್ಯತ್ಯಾಸಕ್ಕೆ ಮನೆಯ ನೆಮ್ಮದಿ ಕೊಡುವುದು ದುಬಾರಿ.

ದಿನಗಳನ್ನು ಸರಿಯಾಗಿ ಹಿಡಿದರೂ ಎಷ್ಟು ಕಾಯಬೇಕು ಅನ್ನುವುದಕ್ಕೆ ಅಳತೆ ಇದೆ. ಒಂದು ವರ್ಷದಲ್ಲಿ ನೂರರಲ್ಲಿ ಸುಮಾರು 85 ಜೋಡಿಗಳಿಗೆ ಗರ್ಭ ನಿಲ್ಲುತ್ತದೆ. ಹೆಂಡತಿಗೆ 35 ವರ್ಷದ ಒಳಗಿದ್ದರೆ ಒಂದು ವರ್ಷ, 35 ದಾಟಿದ್ದರೆ ಆರು ತಿಂಗಳು ನೋಡಿ ಪರೀಕ್ಷೆಗೆ ಹೋಗಬೇಕು. 40 ದಾಟಿದ್ದರೆ ಕಾಯುವುದೇ ಬೇಡ. ಮುಟ್ಟು ಏರುಪೇರು, ತೀವ್ರ ಹೊಟ್ಟೆನೋವು, ಹಿಂದೆ ಟ್ಯೂಬ್‌ನಲ್ಲಿ ಗರ್ಭ ನಿಂತದ್ದು, ಗಂಡನಿಗೆ ವೃಷಣದ ಆಪರೇಷನ್ ಆದದ್ದು, ಇಂಥವು ಇದ್ದರೂ ಬೇಗ ಹೋಗಬೇಕು. ಹೋದಾಗ ಮೊದಲ ದಿನವೇ ಗಂಡನ ವೀರ್ಯ ಪರೀಕ್ಷೆಗೂ ಬರೆಸಿಕೊಳ್ಳಿ. ಮಗು ಆಗದ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ಹೆಂಡತಿಗೆ ಆರು ತಿಂಗಳು ಅಂಡಾಣು ಬೆಳೆಯುವುದನ್ನು ಸ್ಕ್ಯಾನ್ ಮಾಡಿ ನೋಡುವ ಫಾಲಿಕ್ಯುಲರ್ ಸ್ಟಡಿ, ಮಾತ್ರೆ, ಟ್ಯೂಬ್ ಟೆಸ್ಟ್ ಎಲ್ಲ ಮುಗಿದ ಮೇಲೆ ಗಂಡ ಒಲ್ಲದ ಮನಸ್ಸಿನಿಂದ ಒಂದು ಮಾದರಿ ಕೊಡುವುದು, ಅದರಲ್ಲಿ ವೀರ್ಯಾಣುವೇ ಇಲ್ಲ ಅಂತ ಗೊತ್ತಾಗುವುದು ಆಗಾಗ ನಡೆಯುತ್ತದೆ. ಮೊದಲ ವರದಿ ಸರಿ ಬರಲಿಲ್ಲ ಅಂದರೆ ಅದನ್ನೇ ಕೊನೆಯ ಮಾತು ಅಂದುಕೊಳ್ಳಬೇಡಿ. ಜ್ವರ ಬಂದು ಹೋಗಿದ್ದರೂ ಕೌಂಟ್ ಬೀಳುತ್ತದೆ, ಹೊಸ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಅದಕ್ಕೇ ವೈದ್ಯರು ಸ್ವಲ್ಪ ಸಮಯ ಬಿಟ್ಟು ಎರಡನೇ ಮಾದರಿ ಕೇಳುತ್ತಾರೆ.